ಬಿಸ್ಕತ್ ಡಬ್ಬಿಯಲ್ಲಿ ಉಳಿದ ನಿದ್ದೆ ಮಾತ್ರೆ: ಒಂದು ಮನೆಯ ಪ್ರಕರಣ ಅಧ್ಯಯನ

ಅಂಗನವಾಡಿಯಲ್ಲಿ ನಡೆಯುವ ಆರೋಗ್ಯ ಸಭೆಯಲ್ಲಿ "ಉಳಿದ ಔಷಧ ಜೋಪಾನ" ಎಂದು ಹೇಳಿದರೆ ಎಲ್ಲರೂ ತಲೆಯಾಡಿಸಿ ಮನೆಗೆ ಹೋಗುತ್ತಾರೆ, ಡಬ್ಬಿ ಇದ್ದಲ್ಲೇ ಇರುತ್ತದೆ. ಒಂದು ಮನೆಯ ಡಬ್ಬಿಯನ್ನು ಸಭೆಯ ಮುಂದೆ ತೆರೆದು, ಅದರಲ್ಲಿರುವುದನ್ನು ಒಂದೊಂದಾಗಿ ಎಣಿಸಿ ತೋರಿಸಿದರೆ ಮಾತ್ರ ವಿಷಯ ಕೈಗೆ ಸಿಗುತ್ತದೆ. ಆ ಉದ್ದೇಶಕ್ಕೆಂದೇ ಈ ಪ್ರಕರಣವನ್ನು ಬರೆದಿದೆ. ಮನೆ ಅರಸೀಕೆರೆ ಕಡೆಯದು ಎಂದಿಟ್ಟುಕೊಳ್ಳಿ. ಇದು ಯಾವುದೋ ಒಂದು ಕುಟುಂಬದ ಕತೆಯಲ್ಲ, ಸಭೆಗೆಂದು ಕಟ್ಟಿಕೊಂಡದ್ದು. ಆದರೆ ಮಾತ್ರೆಗಳು, ಅವುಗಳ ಅಳತೆ, ಅವು ಮೈಯಲ್ಲಿ ಮಾಡುವ ಕೆಲಸ, ಎಲ್ಲವೂ ಇದ್ದದ್ದು ಇದ್ದ ಹಾಗೆ.

ಮನೆಯಲ್ಲಿ ಅರವತ್ತಾರರ ಅಜ್ಜಿ, ಮಗ, ಸೊಸೆ, ನಾಲ್ಕು ವರ್ಷದ ಮೊಮ್ಮಗ. ಅಜ್ಜ ಕ್ಯಾನ್ಸರ್‌ನಿಂದ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಕೊನೆಯ ದಿನಗಳಲ್ಲಿ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ತಳಮಳ ಹೆಚ್ಚಿತ್ತು. ಅದಕ್ಕೆ ಲೊರಾಜೆಪಾಮ್ 2 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟಿದ್ದರು. ಸೊಂಟದ ಸ್ನಾಯು ಹಿಡಿದುಕೊಳ್ಳುತ್ತಿದ್ದುದಕ್ಕೆ ಡಯಾಜೆಪಾಮ್ 5 ಮಿಲಿಗ್ರಾಂ. ಅಜ್ಜಿಗೆ ಬೇರೆಯದೇ ಚೀಟಿ: ಬಿಪಿಗೆ ಬೆಳಿಗ್ಗೆ ಆಮ್ಲೋಡಿಪಿನ್ 5 ಮಿಲಿಗ್ರಾಂ, ಎರಡು ವರ್ಷದಿಂದ ರಾತ್ರಿ ಕ್ಲೊನಾಜೆಪಾಮ್ 0.25 ಮಿಲಿಗ್ರಾಂ. ಇವೆಲ್ಲವೂ ಕಿಟಕಿ ಪಕ್ಕದ ಗೂಡಿನಲ್ಲಿದ್ದ ಒಂದೇ ಬಿಸ್ಕತ್ ಡಬ್ಬಿಯಲ್ಲಿದ್ದವು. ಅಜ್ಜನ ವಸ್ತು ಎಂದು ಯಾರಿಗೂ ತೆಗೆದು ಹಾಕಲು ಮನಸ್ಸು ಬಂದಿರಲಿಲ್ಲ. ಸಾವಾದ ಮನೆಗಳಲ್ಲಿ ಇದು ತೀರಾ ಸಹಜ. ಸಭೆಯಲ್ಲಿ ಇದನ್ನು ತಪ್ಪು ಎಂಬ ಧಾಟಿಯಲ್ಲಿ ಹೇಳಿದರೆ ಕೇಳುವವರು ಬಾಯಿ ಮುಚ್ಚಿಕೊಂಡುಬಿಡುತ್ತಾರೆ.

ಅವತ್ತು ಬೆಳಿಗ್ಗೆ ಐದೂವರೆ. ಕರೆಂಟ್ ಇರಲಿಲ್ಲ. ಅಜ್ಜಿ ಡಬ್ಬಿಗೆ ಕೈ ಹಾಕಿ, ಕತ್ತರಿಸಿದ ಶೀಟಿನ ತುಂಡೊಂದರಿಂದ ಒಂದು ಬಿಳಿ ಮಾತ್ರೆ ಒತ್ತಿ ತೆಗೆದು ನುಂಗಿದರು. ಬಿಪಿ ಮಾತ್ರೆ ಎಂದುಕೊಂಡಿದ್ದರು. ಏಳೂವರೆ ಹೊತ್ತಿಗೆ ಬಚ್ಚಲಿಂದ ಹೊರಗೆ ಬರುವಾಗ ಕಾಲು ತೊಡರಿದಂತಾಗಿ ಗೋಡೆಗೆ ಒರಗಿ ಕುಸಿದು ಕೂತರು. ಸೊಸೆ ಓಡಿ ಬಂದಳು.

"ಏನಾಯ್ತತ್ತೆ? ಮಾತು ಯಾಕೆ ಹೀಗೆ ಎಳೀತಿದೀರಿ?"

"ಏನೂ ಇಲ್ಲ ಕಣವ್ವ, ಕಣ್ಣು ಎಳೀತದೆ, ಅಷ್ಟೇ."

ಸೊಸೆ ಲಕ್ವ ಹೊಡೆದಿದೆ ಎಂದುಕೊಂಡು 108ಕ್ಕೆ ಫೋನ್ ಮಾಡಿದಳು. ಅವಳು ಮಾಡಿದ್ದು ಸರಿ. ಮಾತು ತೊದಲುವುದು, ನಡಿಗೆ ತೂರಾಡುವುದು, ಮಂಪರು, ಈ ಮೂರೂ ನಿದ್ದೆ ಮಾತ್ರೆಯಿಂದಲೂ ಬರುತ್ತವೆ, ಲಕ್ವದಿಂದಲೂ ಬರಬಹುದು, ಸಕ್ಕರೆ ಇಳಿದಾಗಲೂ ಬರುತ್ತವೆ. ಮಾತ್ರೆಯಿಂದಾದರೆ ಸಾಮಾನ್ಯವಾಗಿ ಎರಡೂ ಕಡೆ ಒಂದೇ ಸಮನೆ ಸಡಿಲವಾಗುತ್ತದೆ, ಬಾಯಿ ಒಂದು ಕಡೆಗೆ ಸೊಟ್ಟಗಾಗುವುದಿಲ್ಲ. ಹಾಗೆಂದು ಮನೆಯಲ್ಲಿ ಕೂತು ಇದು ಅದೋ ಇದೋ ಎಂದು ತೀರ್ಮಾನ ಮಾಡುವ ಹಾಗಿಲ್ಲ. ಆಸ್ಪತ್ರೆಯಲ್ಲಿ ಸಕ್ಕರೆ 118, ಎರಡೂ ಕೈಯ ಬಲ ಸಮ, ಉಸಿರು ಚೆನ್ನಾಗಿದೆ, ಬಿಪಿ ಮಾತ್ರ 160/90. "ಬೆಳಿಗ್ಗೆ ಏನು ಮಾತ್ರೆ ತಗೊಂಡ್ರಿ?" ಎಂಬ ಪ್ರಶ್ನೆ ಬಂದಾಗ ಮಗ ಮನೆಗೆ ಹೋಗಿ ಡಬ್ಬಿಯನ್ನೇ ಎತ್ತಿಕೊಂಡು ಬಂದ. ಡಬ್ಬಿ ಕೈಗೆ ಬಂದ ಮೇಲೆ ವಿಷಯ ಐದು ನಿಮಿಷದಲ್ಲಿ ಬಯಲಾಯಿತು: ಅಜ್ಜಿ ನುಂಗಿದ್ದು ಅಜ್ಜನ ಲೊರಾಜೆಪಾಮ್.

ಒಂದೇ ಮಾತ್ರೆ ಇಷ್ಟು ಮಾಡುತ್ತದೆಯೇ ಎಂದು ಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಲೊರಾಜೆಪಾಮ್ ನುಂಗಿದ ಸುಮಾರು ಎರಡು ಗಂಟೆಗೆ ರಕ್ತದಲ್ಲಿ ಅದರ ಪ್ರಮಾಣ ಅತಿ ಹೆಚ್ಚಿರುತ್ತದೆ. ಅಜ್ಜಿ ಬಿದ್ದದ್ದು ಸರಿಯಾಗಿ ಅದೇ ಹೊತ್ತಿಗೆ. ಅದರ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಹನ್ನೆರಡು ಗಂಟೆ ಬೇಕು. ಇನ್ನು ಹಿಂದಿನ ರಾತ್ರಿ ತೆಗೆದುಕೊಂಡ ಕ್ಲೊನಾಜೆಪಾಮ್ ಅರ್ಧಕ್ಕೆ ಇಳಿಯುವುದಕ್ಕೇ ಮೂವತ್ತರಿಂದ ನಲವತ್ತು ಗಂಟೆ ಹಿಡಿಯುತ್ತದೆ. ಅಂದರೆ ಬೆಳಿಗ್ಗೆ ಐದೂವರೆಗೂ ಅದು ಮೈಯಲ್ಲೇ ಇತ್ತು, ಮೊನ್ನೆಯದೂ ಸ್ವಲ್ಪ ಇತ್ತು. ಎರಡೂ ಒಂದೇ ಜಾತಿಯ ಔಷಧ, ಮೆದುಳಿನಲ್ಲಿ ಒಂದೇ ಜಾಗದಲ್ಲಿ ಕೆಲಸ ಮಾಡುತ್ತವೆ, ಒಂದರ ಮೇಲೊಂದು ಕೂಡಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಇದರ ಪೆಟ್ಟು ಮೊದಲು ಕಾಲಿಗೆ, ತೂಕ ಹಿಡಿದು ನಿಲ್ಲುವ ಶಕ್ತಿಗೆ ಬೀಳುತ್ತದೆ. ಅಜ್ಜಿಯ ಸೊಂಟದ ಮೂಳೆ ಮುರಿಯದೆ ಉಳಿದದ್ದು ಗೋಡೆ ಹತ್ತಿರವಿದ್ದುದರಿಂದ. ಜೊತೆಗೆ ಅವತ್ತಿನ ಬಿಪಿ ಮಾತ್ರೆ ತಪ್ಪಿಹೋಯಿತು. ಸಂಜೆಯವರೆಗೆ ನಿಗಾದಲ್ಲಿಟ್ಟು ಮನೆಗೆ ಕಳಿಸಿದರು.

ಕತ್ತಲು, ಕಣ್ಣು ಮಂಜು, ಇವೆಲ್ಲ ಇದ್ದದ್ದೇ. ಆದರೆ ಈ ಮನೆಯಲ್ಲಿ ನಿಜವಾದ ದೋಷ ಕತ್ತರಿಯದು. ನಮ್ಮಲ್ಲಿ ಮೆಡಿಕಲ್ ಶಾಪ್‌ನವರು ಆರು ಮಾತ್ರೆ, ನಾಲ್ಕು ಮಾತ್ರೆ ಎಂದು ಶೀಟನ್ನು ಕತ್ತರಿಸಿ ಕೊಡುತ್ತಾರೆ, ಮನೆಯಲ್ಲೂ ಜೇಬಿಗೆ ಹಿಡಿಯಲಿ ಎಂದು ಕತ್ತರಿಸುತ್ತೇವೆ. ಬ್ಯಾಚ್ ನಂಬರ್ ಮತ್ತು ಅವಧಿ ಮುಗಿಯುವ ತಿಂಗಳು ಸಾಮಾನ್ಯವಾಗಿ ಶೀಟಿನ ಒಂದು ತುದಿಯಲ್ಲಿ ಮಾತ್ರ ಅಚ್ಚಾಗಿರುತ್ತದೆ. ಆ ತುದಿ ಹೋದರೆ ಅದೂ ಹೋಯಿತು. ಇಂಥ ಮತ್ತು ತರುವ ಔಷಧಗಳ ಲೇಬಲ್ಲಿನ ಎಡ ಮೇಲ್ತುದಿಯಲ್ಲಿ ಕೆಂಪು ಬಣ್ಣದಲ್ಲಿ ಎನ್‌ಆರ್‌ಎಕ್ಸ್ ಎಂಬ ಗುರುತು ಇರಬೇಕೆಂದು ನಿಯಮವಿದೆ. ಓದು ಬಾರದವರೂ ಆ ಕೆಂಪು ಗುರುತನ್ನು ಹಿಡಿಯಬಹುದು. ಆದರೆ ಮೂರು ಮಾತ್ರೆಯ ತುಂಡಿನಲ್ಲಿ ಆ ಮೂಲೆ ಎಲ್ಲಿ ಬರಬೇಕು? ಅಜ್ಜಿ ಹಿಡಿದಿದ್ದ ಲೊರಾಜೆಪಾಮ್ ತುಂಡಿನ ಹಿಂದೆ ಇದ್ದದ್ದು ಹೆಸರಿನ ಅರ್ಧ ಮತ್ತು "ಮಿ.ಗ್ರಾಂ." ಎಂಬ ಗುರುತು, ಎಷ್ಟು ಮಿಲಿಗ್ರಾಂ ಎಂಬ ಅಂಕಿ ಕತ್ತರಿಯ ಆಚೆ. ಬಿಪಿ ಮಾತ್ರೆಯ ತುಂಡೂ ಅಷ್ಟೇ ಗಾತ್ರದ್ದು, ಅಷ್ಟೇ ಬೆಳ್ಳಿ ಬಣ್ಣದ್ದು, ಒಳಗಿನ ಮಾತ್ರೆಯೂ ಬಿಳಿ, ದುಂಡಗೆ. ಸಭೆಗೆ ಹೋಗುವವರು ಎರಡು ಖಾಲಿ ಶೀಟುಗಳನ್ನು ಹೀಗೆ ಕತ್ತರಿಸಿ ಕೈಯಿಂದ ಕೈಗೆ ಕೊಡಬೇಕು, ಯಾವುದು ಯಾವುದೆಂದು ಕೇಳಬೇಕು. ಹತ್ತು ನಿಮಿಷದ ಮಾತಿಗಿಂತ ಅದು ಹೆಚ್ಚು ಹೇಳುತ್ತದೆ.

ಮಾರನೇ ದಿನ ಆಶಾ ಕಾರ್ಯಕರ್ತೆ ಮನೆಗೆ ಬಂದು, ಮಗನನ್ನು ಎದುರಿಗೆ ಕೂರಿಸಿಕೊಂಡು, ಡಬ್ಬಿಯನ್ನು ನ್ಯೂಸ್ ಪೇಪರ್ ಮೇಲೆ ಸುರಿದಳು. ಮೊದಲ ಕೆಲಸ ಎಣಿಕೆ. ಬಿಸಾಡುವ ಮುಂಚೆ ಎಣಿಸುವುದನ್ನು ಯಾರೂ ಹೇಳಿಕೊಡುವುದಿಲ್ಲ, ಅದನ್ನೇ ಇಲ್ಲಿ ಒತ್ತಿ ಹೇಳಬೇಕಾಗಿದೆ. ಮೆಡಿಕಲ್ ಶಾಪ್ ಬಿಲ್ಲಿನ ಪ್ರಕಾರ ಲೊರಾಜೆಪಾಮ್ ಕೊಂಡದ್ದು ಹತ್ತರ ಮೂರು ಶೀಟು, ಮೂವತ್ತು ಮಾತ್ರೆ. ಅಜ್ಜ ರಾತ್ರಿಗೊಂದರಂತೆ ತೆಗೆದುಕೊಂಡದ್ದು ಹನ್ನೊಂದು ರಾತ್ರಿ. ಹತ್ತೊಂಬತ್ತು ಉಳಿಯಬೇಕು. ಪೇಪರ್ ಮೇಲೆ ಇದ್ದದ್ದು ಒಂದು ತುಂಬಿದ ಶೀಟು ಮತ್ತು ಮೂರು ಮಾತ್ರೆಯ ತುಂಡು, ಒಟ್ಟು ಹದಿಮೂರು. ಆರು ಕಡಿಮೆ.

"ಅಣ್ಣ, ಆರು ಮಾತ್ರೆ ಲೆಕ್ಕಕ್ಕೆ ಸಿಕ್ತಿಲ್ಲ. ಬೈಯಕ್ಕೆ ಕೇಳ್ತಿಲ್ಲ, ಎಲ್ಲಿ ಹೋಯ್ತು ಅಂತ ಗೊತ್ತಾಗ್ಬೇಕು ಅಷ್ಟೇ."

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ, "ತಿಥಿ ಆದ ಮೇಲೆ ಎರಡು ರಾತ್ರಿ ನಾನು ತಗೊಂಡೆ ಕಣಕ್ಕ. ನಿದ್ದೇನೇ ಬರ್ತಿರ್ಲಿಲ್ಲ." ಒಳಗಿಂದ ಅಜ್ಜಿಯೂ ತಾವು ಬೇರೆ ಎರಡು ರಾತ್ರಿ ತೆಗೆದುಕೊಂಡದ್ದನ್ನು ಒಪ್ಪಿಕೊಂಡರು. ನಿನ್ನೆಯದು ಒಂದು. ಐದಕ್ಕೆ ಲೆಕ್ಕ ಸಿಕ್ಕಿತು. ಆರನೆಯದು ಸಿಗಲಿಲ್ಲ. ಮಂಚದ ಕೆಳಗೆ, ರಾಗಿ ಚೀಲದ ಹಿಂದೆ, ಮಗು ಆಟವಾಡುವ ಮೂಲೆಯಲ್ಲೆಲ್ಲ ಟಾರ್ಚ್ ಬಿಟ್ಟು ನೋಡಿದರು. ಹಾಳೆಯಲ್ಲಿ "ಒಂದು ಸಿಕ್ಕಿಲ್ಲ" ಎಂದೇ ಬರೆದರು. ಸಿಕ್ಕಿತೆಂದು ಬರೆದು ಲೆಕ್ಕ ಸರಿ ಮಾಡಿಕೊಳ್ಳುವುದು ಸುಲಭ, ಆದರೆ ನಾಲ್ಕು ವರ್ಷದ ಮಗುವಿರುವ ಮನೆಯಲ್ಲಿ ಆ ಒಂದು ಮಾತ್ರೆ ನೆಲದ ಮೇಲೆ ಎಲ್ಲೋ ಇರಬಹುದು ಎಂಬುದು ಎಲ್ಲರ ನೆನಪಲ್ಲಿ ಉಳಿಯಬೇಕು. ಇಂಥ ಎಣಿಕೆ ಸಾವಾದ ವಾರದೊಳಗೇ ಆಗಿದ್ದರೆ ಆರೂ ಕಡಿಮೆಯಾಗುತ್ತಿರಲಿಲ್ಲ.

ಮಗ ತೆಗೆದುಕೊಂಡ ಎರಡು ಮಾತ್ರೆಯ ವಿಷಯವನ್ನು ಸಭೆಯಲ್ಲಿ ದಾಟಿಸಿಕೊಂಡು ಹೋಗಬಾರದು. ದುಃಖದಲ್ಲಿರುವ ಮನೆಯಲ್ಲಿ ಉಳಿದ ನಿದ್ದೆ ಮಾತ್ರೆ ಇರುವುದೇ ಒಂದು ಅಪಾಯ. ಒಬ್ಬರ ಚೀಟಿಯ ಮಾತ್ರೆ ಇನ್ನೊಬ್ಬರಿಗೆ ಎಂದೂ ಅಲ್ಲ. ಕುಡಿತದ ಜೊತೆ, ಅಥವಾ ಟ್ರಮಡಾಲ್, ಮಾರ್ಫಿನ್‌ನಂಥ ನೋವಿನ ಮಾತ್ರೆಯ ಜೊತೆ ಸೇರಿದರೆ ಉಸಿರೇ ನಿಧಾನವಾಗುತ್ತದೆ. ಇವುಗಳಿಂದ ಆಗುವ ಸಾವುಗಳ ಹಿಂದೆ ಹೆಚ್ಚಾಗಿ ಈ ಜೋಡಿಯೇ ಇರುತ್ತದೆ. ಮನೆಯಲ್ಲಿ ಯಾರಾದರೂ ಬದುಕು ಸಾಕು ಎನ್ನುವ ಮಾತಾಡುತ್ತಿದ್ದರೆ ಡಬ್ಬಿಯನ್ನು ಅದೇ ದಿನ ಆ ಮನೆಯಿಂದ ಹೊರಗೆ ಸಾಗಿಸಬೇಕು, ಅವರನ್ನು ಒಂಟಿಯಾಗಿ ಬಿಡಬಾರದು. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.

ಎಣಿಕೆಯಾದ ಮೇಲೆ ಡಬ್ಬಿಯಲ್ಲಿದ್ದದ್ದನ್ನು ಎರಡು ಗುಂಪು ಮಾಡಿದರು: ಬದುಕಿರುವವರು ಈಗ ತೆಗೆದುಕೊಳ್ಳುತ್ತಿರುವುದು ಒಂದು, ಯಾರಿಗೂ ಬೇಡದ್ದು ಇನ್ನೊಂದು. ಇಲ್ಲೊಂದು ಎಡವಟ್ಟು ಆಗುವುದಿತ್ತು. ಹೆದರಿದ್ದ ಸೊಸೆ ಅಜ್ಜಿಯ ಕ್ಲೊನಾಜೆಪಾಮನ್ನೂ ಬಿಸಾಡುವ ಗುಂಪಿಗೆ ತಳ್ಳಿದ್ದಳು. ಎರಡು ವರ್ಷ ದಿನವೂ ತೆಗೆದುಕೊಂಡವರು ಒಂದೇ ದಿನ ನಿಲ್ಲಿಸಿದರೆ ನಿದ್ದೆ ಕೆಡುತ್ತದೆ, ಮೈ ನಡುಗುತ್ತದೆ, ಕೆಲವರಿಗೆ ಫಿಟ್ಸ್ ಕೂಡ ಬರಬಹುದು. ಬೇಡವೆನಿಸಿದರೆ ಡಾಕ್ಟರ ಹತ್ತಿರ ಹೋಗಿ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಆಸ್ಪತ್ರೆಯಿಂದ ಬಂದ ರಾತ್ರಿ ಅಜ್ಜಿ ಅದನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬುದನ್ನೂ ಅಲ್ಲಿನ ಡಾಕ್ಟರೇ ಹೇಳಿ ಕಳಿಸಿದ್ದರು. ಹಾಗಾಗಿ ಇಪ್ಪತ್ತೆರಡು ಕ್ಲೊನಾಜೆಪಾಮ್ ಉಳಿದವು. ಹದಿಮೂರು ಲೊರಾಜೆಪಾಮ್, ಎಂಟು ಡಯಾಜೆಪಾಮ್ ಬಿಸಾಡುವ ಕಡೆಗೆ ಹೋದವು.

ವಾಪಸ್ ತೆಗೆದುಕೊಳ್ಳುವ ವ್ಯವಸ್ಥೆ ಹತ್ತಿರದಲ್ಲಿದ್ದರೆ ಅದೇ ಮೊದಲ ದಾರಿ. ಪಕ್ಕದ ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯೇ 2025ರಲ್ಲಿ ಎನ್‌ಪ್ರೌಡ್ ಎಂಬ ಹೆಸರಲ್ಲಿ ಮನೆಯ ಬೇಡದ ಔಷಧ ಸಂಗ್ರಹಿಸುವ ಕೆಲಸವನ್ನು ಕೋಯಿಕ್ಕೋಡಿನಿಂದ ಶುರುಮಾಡಿತು. ನಮ್ಮಲ್ಲಿ ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಯಲ್ಲಿ ಕೇಳಿ ನೋಡಬೇಕು. ಆಸ್ಪತ್ರೆಯ ಅವಧಿ ಮೀರಿದ ಔಷಧ ಹಳದಿ ಚೀಲದಲ್ಲಿ ಸುಡಲು ಹೋಗುತ್ತದೆ, ಅವರು ಒಪ್ಪಿದರೆ ಇದೂ ಅದರ ಜೊತೆ ಹೋಗಬಹುದು. ಮೆಡಿಕಲ್ ಶಾಪ್‌ಗೆ ವಾಪಸ್ ಕೊಟ್ಟು ದುಡ್ಡು ಕೇಳುವ ವಿಷಯ ಬೇರೆ, ಮನೆಯಲ್ಲಿದ್ದು ಬಂದ ಮಾತ್ರೆಯನ್ನು ಇನ್ನೊಬ್ಬ ರೋಗಿಗೆ ಮಾರಬಾರದು. ಈ ಮನೆಯವರು ಕೇಳಿದಾಗ ಆಸ್ಪತ್ರೆಯಲ್ಲಿ ತೆಗೆದುಕೊಳ್ಳಲಿಲ್ಲ. ಆದ್ದರಿಂದ ಮನೆಯಲ್ಲೇ ಮಾಡಬೇಕಾಯಿತು.

ಇಲ್ಲಿ ಎರಡೂ ಮಾತ್ರೆಗೆ ದಾರಿ ಒಂದೇ ಅಲ್ಲ. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ 2025ರ ಮಾರ್ಗಸೂಚಿಯಲ್ಲಿ, ವಾಪಸ್ ಕೊಡಲು ಆಗದಿದ್ದರೆ ಶೌಚಾಲಯದಲ್ಲಿ ನೀರು ಹಾಕಿ ಕಳಿಸಬೇಕಾದ ಹದಿನೇಳು ಔಷಧಗಳ ಪಟ್ಟಿ ಕೊಟ್ಟಿದೆ. ಫೆಂಟನಿಲ್, ಮಾರ್ಫಿನ್, ಟ್ರಮಡಾಲ್‌ನಂಥವುಗಳ ಜೊತೆ ಡಯಾಜೆಪಾಮ್ ಕೂಡ ಅದರಲ್ಲಿದೆ. ಲೊರಾಜೆಪಾಮ್, ಕ್ಲೊನಾಜೆಪಾಮ್, ಆಲ್‌ಪ್ರಾಜೋಲಾಮ್ ಇಲ್ಲ. ನೀರಿಗೆ ಔಷಧ ಸೇರುವುದು ಒಳ್ಳೆಯದಲ್ಲ ಎಂಬುದು ಸರಿಯೇ, ಆದರೆ ಪಟ್ಟಿಯಲ್ಲಿರುವಂಥವು ಮಗುವಿನ ಕೈಗೆ ಸಿಕ್ಕರೆ ಆಗುವ ಅನಾಹುತ ಅದಕ್ಕಿಂತ ದೊಡ್ಡದು ಎಂಬ ಲೆಕ್ಕದಲ್ಲಿ ಈ ಪಟ್ಟಿ ಮಾಡಿದ್ದು. ಎಂಟು ಡಯಾಜೆಪಾಮ್ ಮಾತ್ರೆಗಳನ್ನು ಶೀಟಿನಿಂದ ಬಿಡಿಸಿ ಶೌಚಾಲಯಕ್ಕೆ ಹಾಕಿ ಒಂದು ಬಕೆಟ್ ನೀರು ಸುರಿದರು. ಪಾತ್ರೆ ತೊಳೆಯುವ ಸಿಂಕಿಗೆ, ಹಿತ್ತಲ ಚರಂಡಿಗೆ ಹಾಕಲಿಲ್ಲ. ಕುಡಿಯುವ ನೀರಿನ ಬಾವಿ ಶೌಚಗುಂಡಿಯ ಪಕ್ಕದಲ್ಲೇ ಇರುವ ಮನೆಯಾಗಿದ್ದರೆ, ನಮ್ಮ ಅಭಿಪ್ರಾಯದಲ್ಲಿ, ಜಿಲ್ಲಾ ಆಸ್ಪತ್ರೆಯವರೆಗೆ ಹೋಗಿ ಇನ್ನೊಮ್ಮೆ ಕೇಳುವುದೇ ಮೇಲು.

ಲೊರಾಜೆಪಾಮ್‌ಗೆ ಅರ್ಧ ಲೀಟರಿನ ಹಳೇ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡರು. ಹದಿಮೂರೂ ಮಾತ್ರೆಯನ್ನು ಶೀಟಿನಿಂದ ಬಿಡಿಸಿ ಒಳಗೆ ಹಾಕಿದರು. ಪುಡಿ ಮಾಡಲಿಲ್ಲ. ಕುಟ್ಟಿದರೆ ಧೂಳು ಮೂಗಿಗೆ, ಕೈಗೆ, ಆಮೇಲೆ ಅಡುಗೆಗೂ ಹೋಗುತ್ತದೆ. ಮೇಲೆ ಎರಡು ಹಿಡಿ ಕಾಫಿ ಚರಟ, ಒಂದು ಹಿಡಿ ಬೂದಿ, ಸ್ವಲ್ಪ ನೀರು. ಮುಚ್ಚಳ ಹಾಕಿ ಅಲ್ಲಾಡಿಸಿ ಒಂದು ಗಂಟೆ ಬಿಟ್ಟರು. ಹೊರಗಿಂದ ನೋಡಿದರೆ ಬಿಳಿ ಚೂರು ಯಾವುದೂ ಕಾಣಬಾರದು, ಕಂಡರೆ ಇನ್ನೊಂದು ಹಿಡಿ ಚರಟ. ಮುಚ್ಚಳದ ಸುತ್ತ ಟೇಪ್ ಸುತ್ತಿ, ಬಾಟಲಿ ಮೇಲೆ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಅಡ್ಡಗೆರೆಗಳನ್ನು ಎಳೆದರು. ಮಾತ್ರೆಯ ಹೆಸರು ಬರೆಯಲಿಲ್ಲ, ಬರೆದರೆ ಹುಡುಕುವವರಿಗೆ ದಾರಿ ತೋರಿಸಿದಂತೆ. ಚೀಲದಲ್ಲಿ ಕಟ್ಟಿ ಎಸೆಯಿರಿ ಎಂದು ಹಲವು ಕಡೆ ಹೇಳುತ್ತಾರೆ. ನಮ್ಮ ಬೀದಿಗಳಿಗೆ ಅದು ಸಾಲದು. ಚೀಲವನ್ನು ನಾಯಿ ಹರಿಯುತ್ತದೆ, ಹಸು ಚೀಲದ ಸಮೇತ ನುಂಗುತ್ತದೆ, ಚಿಂದಿ ಆಯುವ ಮಕ್ಕಳು ಕೈ ಹಾಕುತ್ತಾರೆ. ಟೇಪ್ ಸುತ್ತಿದ ಬಾಟಲಿ ಅಷ್ಟು ಸುಲಭವಾಗಿ ಬಾಯಿ ಬಿಡುವುದಿಲ್ಲ.

ಮನೆಯ ಹಳೇ ಔಷಧವನ್ನು 2016ರ ಘನತ್ಯಾಜ್ಯ ನಿಯಮಗಳು ಮನೆಯ ಅಪಾಯಕಾರಿ ಕಸದ ಗುಂಪಿನಲ್ಲಿಟ್ಟಿದ್ದವು. ಹಸಿ ಕಸಕ್ಕೆ ಹಾಕಿದರೆ ಗೊಬ್ಬರವಾಗುತ್ತದೆ ಅಥವಾ ದನದ ಬಾಯಿಗೆ ಹೋಗುತ್ತದೆ. ಬಾಟಲಿಯನ್ನು ತೊಟ್ಟಿಗೆ ಹಾಕದೆ, ಪಂಚಾಯ್ತಿಯ ಸ್ವಚ್ಛ ವಾಹಿನಿ ಬಂದಾಗ "ಇದು ಔಷಧ, ಬೇರೆ ಇಡಿ" ಎಂದು ಹೇಳಿ ಕೈಯಾರೆ ಕೊಟ್ಟರು. ಖಾಲಿ ಶೀಟುಗಳು ಒಣ ಕಸಕ್ಕೆ ಹೋದವು. ಒಲೆಗೆ ಹಾಕಲು ಅಜ್ಜಿ ಹೊರಟಿದ್ದರು. ಶೀಟಿನ ಪ್ಲಾಸ್ಟಿಕ್ ಉರಿದರೆ ಬರುವ ಹೊಗೆ ವಿಷ, ಅದೂ ಅಡುಗೆ ಮನೆಯಲ್ಲಿ. ತಿಪ್ಪೆಯಲ್ಲಿ ಹೂಳುವುದೂ ಬೇಡ, ಕೋಳಿ ಕೆದಕುತ್ತದೆ.

ಸಭೆಯಲ್ಲಿ ಮಾತ್ರೆಯದೇ ಮಾತಾದಾಗ ಸಿರಪ್ ಮರೆತುಹೋಗುತ್ತದೆ. ಮಕ್ಕಳಿಗೆ ಸ್ಕ್ಯಾನ್ ಅಥವಾ ಇಇಜಿ ಮಾಡಿಸುವ ಮುನ್ನ ಕೊಡುವ ಟ್ರೈಕ್ಲೋಫಾಸ್ ಸಿರಪ್ ಹೆಚ್ಚಾಗಿ 30 ಮಿಲಿ ಬಾಟಲಿಯಲ್ಲಿ ಬರುತ್ತದೆ, 5 ಮಿಲಿಗೆ 500 ಮಿಲಿಗ್ರಾಂ. ಹನ್ನೆರಡು ಕಿಲೋ ತೂಗುವ ಮಗುವಿಗೆ 6 ಮಿಲಿ ಕೊಟ್ಟರೆಂದರೆ ಬಾಟಲಿಯಲ್ಲಿ 24 ಮಿಲಿ ಉಳಿಯಿತು, ಅಂದರೆ ಆ ಮಗುವನ್ನು ಮಲಗಿಸಿದ್ದಕ್ಕಿಂತ ನಾಲ್ಕು ಪಟ್ಟು. ಸಿಹಿಯಾಗಿರುತ್ತದೆ, ಮುಚ್ಚಳ ಮಗುವೇ ತಿರುಗಿಸಬಹುದು. ಹೆಚ್ಚಾದರೆ ಉಸಿರನ್ನೂ ಹೃದಯದ ಬಡಿತವನ್ನೂ ಕೆಡಿಸುವ ಔಷಧ ಇದು. ಸ್ಕ್ಯಾನ್ ಆದ ದಿನವೇ ಬಾಟಲಿಗೆ ಚರಟ, ಬೂದಿ ತುಂಬಿ ಅದೇ ರೀತಿ ಟೇಪ್ ಸುತ್ತಬೇಕು.

ಯಾರಾದರೂ ತಪ್ಪಿ ನುಂಗಿದ್ದು ಗೊತ್ತಾದರೆ ಉಪ್ಪು ನೀರು, ಹುಣಸೆ ನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಕಡೆಯ ರೂಢಿ. ಮಂಪರಿನಲ್ಲಿದ್ದವರಿಗೆ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ, ಮಾತ್ರೆಗಿಂತ ಅದೇ ಹೆಚ್ಚು ಕೇಡು. ಎಡಕ್ಕೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕದೆ, ಶೀಟು ಅಥವಾ ಬಾಟಲಿಯನ್ನು ಜೊತೆಗಿಟ್ಟುಕೊಂಡು ಹೊರಡಬೇಕು. ಕರೆದರೆ ಏಳದಿದ್ದರೆ, ಉಸಿರು ನಿಧಾನವಾಗಿ ಗೊರಗೊರ ಸದ್ದು ಬಂದರೆ, ತುಟಿ ನೀಲಿಯಾದರೆ ತಕ್ಷಣ 108. ಮಗು ಚೆನ್ನಾಗೇ ಆಡುತ್ತಿದ್ದರೂ ಕಾಯಬಾರದು, ಮಾತ್ರೆ ತಲೆಗೇರಲು ಗಂಟೆ ಎರಡು ಗಂಟೆ ಹಿಡಿಯಬಹುದು. ದೆಹಲಿಯ ಏಮ್ಸ್‌ನಲ್ಲಿರುವ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800 116 117, ಹಗಲೂ ರಾತ್ರಿ ಇರುತ್ತದೆ.

ಉಳಿದದ್ದು ಇಪ್ಪತ್ತೆರಡು ಕ್ಲೊನಾಜೆಪಾಮ್. ಅದನ್ನು ಕತ್ತರಿಸದ ಶೀಟಿನಲ್ಲೇ, ಚೀಟಿಯ ಜೊತೆ, ಸಣ್ಣ ಕಬ್ಬಿಣದ ಹಣದ ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯನ್ನು ಬೀರುವಿನೊಳಗೆ ಇಟ್ಟರು. ಬೀರು ಬಿಸಿಲು ಬೀಳದ ಗೋಡೆಗಿದೆ. ಇಂಥ ಮಾತ್ರೆಗಳ ಲೇಬಲ್ಲಿನಲ್ಲಿ ಸಾಮಾನ್ಯವಾಗಿ 30 ಡಿಗ್ರಿ ಮೀರದ ಒಣ ಜಾಗ ಎಂದಿರುತ್ತದೆ, ಹಾಗಾಗಿ ಅಡುಗೆ ಮನೆ, ಬಚ್ಚಲು, ಕಿಟಕಿಯ ಗೂಡು ಮೂರೂ ಆಗುವುದಿಲ್ಲ. ದಿಂಬಿನ ಕೆಳಗೆ, ದೇವರ ಗೂಡಿನಲ್ಲಿ, ಕುಂಕುಮದ ಭರಣಿಯಲ್ಲಿ ಬಿಡಿ ಮಾತ್ರೆ ಇಡುವ ಅಭ್ಯಾಸವಿದ್ದರೆ ಅದನ್ನು ಹೆಸರು ಹಿಡಿದು ಕೇಳಬೇಕು, ಸುಮ್ಮನೆ ಕೇಳಿದರೆ ಯಾರೂ ಹೇಳುವುದಿಲ್ಲ. ಬಿಪಿ ಮಾತ್ರೆ ಬೇರೆ ಡಬ್ಬಿಗೆ, ಬೇರೆ ಕೋಣೆಗೆ ಹೋಯಿತು. ಕೀಲಿ ಸೊಸೆಯ ಸೊಂಟಕ್ಕೆ. ಮೊದಲೆರಡು ದಿನ ಅಜ್ಜಿಗೆ ಇದು ಅವಮಾನ ಎನಿಸಿತು. "ನನ್ನ ಮಾತ್ರೆಗೆ ನಾನೇ ಕೇಳ್ಬೇಕಾ?" ಎಂದರು. ಕೀಲಿ ಮಗುವಿಗಾಗಿ, ನಿಮ್ಮ ಮೇಲಿನ ಅನುಮಾನಕ್ಕಲ್ಲ ಎಂದು ಸೊಸೆ ರಾತ್ರಿ ಊಟವಾದ ಮೇಲೆ ತಾನೇ ಪೆಟ್ಟಿಗೆ ತಂದು, ಅತ್ತೆಯ ಕೈಯಲ್ಲೇ ಮಾತ್ರೆ ತೆಗೆಸತೊಡಗಿದಳು.

ಪೆಟ್ಟಿಗೆಯ ಮುಚ್ಚಳದ ಒಳಗೆ ಒಂದು ರಟ್ಟಿನ ಚೀಟಿ ಅಂಟಿಸಿದ್ದಾರೆ. ಪ್ರತಿ ಭಾನುವಾರ ತಾರೀಖು, ಎಷ್ಟು ಉಳಿದಿದೆ, ಎಣಿಸಿದವರ ಗುರುತು. ಮೊದಲ ಸಾಲು 22. ಮುಂದಿನ ಭಾನುವಾರ 15, ಅದರ ಮುಂದೆ ಅಜ್ಜಿಯ ಹೆಬ್ಬೆಟ್ಟು.